ಅರವತ್ತು ದಿನ ಎಲ್ಲಿಂದ ಎಣಿಸಬೇಕು?

ತುಮಕೂರಿನ ಒಂದು ಬೇಕರಿಯನ್ನು ಊಹಿಸಿಕೊಳ್ಳಿ. ಅಂಗಡಿಯ ಬಾಡಿಗೆ ಕರಾರು 31-03-2027ಕ್ಕೆ ಮುಗಿಯುತ್ತದೆ. ಅರವತ್ತು ದಿನ ಮೊದಲು, ಅಂದರೆ ಜನವರಿ 30ಕ್ಕೆ, ಕಂಪ್ಯೂಟರ್ ನೆನಪಿಸಿತು. ಆದರೆ ಕರಾರಿನ ಒಳಪುಟದಲ್ಲಿ ಒಂದು ಷರತ್ತಿದೆ: ಮುಂದುವರಿಸುವುದಾದರೆ 90 ದಿನ ಮೊದಲೇ ಮಾಲೀಕರಿಗೆ ಲಿಖಿತವಾಗಿ ತಿಳಿಸಬೇಕು. ಆ ಗಡುವು ಡಿಸೆಂಬರ್ 31ಕ್ಕೇ ಮುಗಿದುಹೋಗಿತ್ತು!

ಆದ್ದರಿಂದ ಎಣಿಕೆ ಶುರುವಾಗಬೇಕಾದ್ದು ಮುಕ್ತಾಯದ ದಿನದಿಂದಲ್ಲ, ಕೆಲಸ ಮಾಡಲು ಇರುವ ಕೊನೆಯ ದಿನದಿಂದ. ಈ ಬೇಕರಿಗೆ ಎಚ್ಚರಿಕೆ ನವೆಂಬರ್ 1ಕ್ಕೇ ಬರಬೇಕು.

ಇದಕ್ಕೆ ದುಬಾರಿ ತಂತ್ರಾಂಶವೇನೂ ಬೇಡ, ಎಕ್ಸೆಲ್ ಸಾಕು. A ಕಾಲಂನಲ್ಲಿ ಕರಾರು ಅಥವಾ ಲೈಸೆನ್ಸಿನ ಹೆಸರು, Bಯಲ್ಲಿ ಮುಕ್ತಾಯದ ದಿನಾಂಕ, Cಯಲ್ಲಿ ನೋಟಿಸಿನ ದಿನಗಳು (ಇಲ್ಲದಿದ್ದರೆ ಸೊನ್ನೆ), Dಯಲ್ಲಿ ಈ ಸೂತ್ರ:

```
=IF(ISNUMBER(B2),IF(B2-C2-TODAY()<=60,"ಎಚ್ಚರ",""),"ದಿನಾಂಕ ತಪ್ಪು")
```

ISNUMBER ಯಾಕೆ? ಎಕ್ಸೆಲ್ ದಿನಾಂಕವನ್ನು ಒಳಗೊಳಗೆ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರಿನಲ್ಲಿ 31-03-2027 ಎಂದು ಬರೆದರೆ, 31ನೇ ತಿಂಗಳೇ ಇಲ್ಲವಾದ್ದರಿಂದ ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಅಕ್ಷರವಾದದ್ದು ಸಾಮಾನ್ಯವಾಗಿ ಚೌಕದ ಎಡಕ್ಕೆ ಅಂಟಿಕೊಳ್ಳುತ್ತದೆ, ನಿಜವಾದ ದಿನಾಂಕ ಬಲಕ್ಕೆ.

ಇದಕ್ಕಿಂತ ಅಪಾಯಕಾರಿ 05-04-2027. ಏಪ್ರಿಲ್ 5 ಎಂದು ಬರೆದದ್ದನ್ನು ಅದೇ ಕಂಪ್ಯೂಟರ್ ಮೇ 4 ಎಂದು ಓದುತ್ತದೆ, ಸೂತ್ರಕ್ಕೆ ತಪ್ಪೇ ಕಾಣುವುದಿಲ್ಲ. ತಿಂಗಳನ್ನು ಹೆಸರಿನಲ್ಲಿ ತೋರಿಸುವಂತೆ B ಕಾಲಂ ಅನ್ನು ಹೊಂದಿಸಿದರೆ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮಿತಿಯಿದೆ. ಕಡತ ತೆರೆದಾಗ ಮಾತ್ರ ಈ ಎಚ್ಚರಿಕೆ ಕಾಣುತ್ತದೆ. ಹಾಗಾಗಿ ಪ್ರತಿ ಸೋಮವಾರ ಅದನ್ನು ತೆರೆದು ನೋಡುವ ಹೊಣೆ ಒಬ್ಬರ ಹೆಸರಿಗೆ ಇರಬೇಕು.