ಚೌಕಟ್ಟಿನಾಚೆಗೆ ಬೆಳೆದ ಚಿತ್ರ

1948ರಲ್ಲಿ ಕ್ಲಾಡ್ ಶಾನನ್ ತಮ್ಮ ಸಂವಹನ ಸಿದ್ಧಾಂತದ ಪ್ರಬಂಧದಲ್ಲಿ ಒಂದು ಪುಟ್ಟ ಪ್ರಯೋಗ ಬರೆದಿದ್ದರು. ಪುಸ್ತಕದ ಯಾವುದೋ ಪುಟ ತೆರೆದು ಒಂದು ಅಕ್ಷರ ಗುರುತು ಹಾಕಿಕೊಳ್ಳಬೇಕು. ಇನ್ನೊಂದು ಪುಟ ತೆರೆದು ಅದೇ ಅಕ್ಷರ ಸಿಗುವವರೆಗೆ ಓದಿ, ಅದರ ಮುಂದಿನ ಅಕ್ಷರ ಬರೆದುಕೊಳ್ಳಬೇಕು. ಹೀಗೇ ಮುಂದುವರಿದರೆ ಅರ್ಥವಿಲ್ಲದಿದ್ದರೂ ಇಂಗ್ಲಿಷಿನ ಚಹರೆ ಇರುವ ಸಾಲು ಹುಟ್ಟುತ್ತದೆ. ಭಾಷೆಯ ನಿಯಮ ಏನೂ ಗೊತ್ತಿಲ್ಲದೆ, ನೆರೆಯ ಅಕ್ಷರವನ್ನಷ್ಟೇ ನೋಡಿ ಬೆಳೆಸಿದ ಸಾಲು ಅದು.

1999ರಲ್ಲಿ ಬರ್ಕ್‌ಲಿಯ ಅಲೆಕ್ಸೈ ಎಫ್ರೋಸ್ ಮತ್ತು ಥಾಮಸ್ ಲ್ಯೂಂಗ್ ಇದೇ ಆಲೋಚನೆಯನ್ನು ಚಿತ್ರಕ್ಕೆ ತಂದರು. ಫೋಟೊದ ಅಂಚಿನಾಚೆ ಒಂದು ಪಿಕ್ಸೆಲ್ ಬೇಕು ಎಂದರೆ, ಅದರ ಸುತ್ತ ಈಗಾಗಲೇ ಇರುವ ಪಿಕ್ಸೆಲ್‌ಗಳನ್ನು ನೋಡುವುದು, ಅಂಥದೇ ನೆರೆ ಇರುವ ಜಾಗಗಳನ್ನು ಫೋಟೊದೊಳಗೆ ಹುಡುಕುವುದು, ಸಿಕ್ಕವುಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿ ಅದರ ನಡುವಿನ ಪಿಕ್ಸೆಲನ್ನು ಇಲ್ಲಿ ಇಡುವುದು. ಇಟ್ಟಿಗೆ ಗೋಡೆ, ಹುಲ್ಲು, ನೇಯ್ಗೆ ಇವೆಲ್ಲ ಅಂಚು ದಾಟಿ ಹಾಗೆಯೇ ಬೆಳೆದವು. ನನಗೆ ಇದು ಇಡೀ ಕತೆಯ ಅತ್ಯಂತ ಸುಂದರ ಘಟ್ಟ. ವಿಧಾನ ಅಷ್ಟು ಸರಳ.

ಸೋಲನ್ನೂ ಅವರು ಮುಚ್ಚಿಡಲಿಲ್ಲ. ಕೆಲವೊಮ್ಮೆ ಒಂದು ತಪ್ಪು ಪಿಕ್ಸೆಲ್ ಬಿತ್ತೆಂದರೆ ಮುಂದಿನದು ಅದನ್ನೇ ನಂಬಿ ಬೆಳೆದು ಕೊನೆಗೆ ಬರೀ ಕಸವಾಗುತ್ತಿತ್ತು. ಕೆಲವೊಮ್ಮೆ ಒಂದೇ ತುಂಡು ಮತ್ತೆ ಮತ್ತೆ ನಕಲಾಗುತ್ತಿತ್ತು. ಹಳೆಯ ಚಿತ್ರ ಬದಲಾಗುವುದಿಲ್ಲ, ಹೊಸದು ಮಾತ್ರ ಅದಕ್ಕೆ ಹೊಂದಿಕೊಳ್ಳುತ್ತ ಹೋಗಬೇಕು. ಹಳೆಯದೂ ಹೊಸದೂ ಸೇರುವಲ್ಲಿ ಹೊಲಿಗೆ ಕಾಣುವ ತೊಂದರೆಯ ಬೇರು ಇಲ್ಲೇ ಇದೆ.

2022ರ ಆಗಸ್ಟ್ ಕೊನೆಯಲ್ಲಿ ಓಪನ್‌ಎಐ ತನ್ನ ಡಾಲ್-ಇ 2ಕ್ಕೆ ಔಟ್‌ಪೇಂಟಿಂಗ್ ಸೇರಿಸಿತು. ವರ್ಮೀರನ ಮುತ್ತಿನೋಲೆಯ ಹುಡುಗಿಯ ಸುತ್ತ ಸಾಮಾನು ತುಂಬಿದ ಕೋಣೆಯೊಂದು ಬೆಳೆದುದನ್ನು ಜಗತ್ತು ನೋಡಿತು. ಆ ವರ್ಷವೇ ಜೂರಿಕ್‌ನ ಇಟಿಎಚ್‌ನ ಆಂಡ್ರಿಯಾಸ್ ಲುಗ್ಮೈರ್ ಮತ್ತು ಸಂಗಡಿಗರು ಹೊಲಿಗೆಯ ಕಾರಣವನ್ನು ತೋರಿಸಿಕೊಟ್ಟಿದ್ದರು. ಡಿಫ್ಯೂಷನ್ ಮಾದರಿ ಪೂರ್ತಿ ಗದ್ದಲದಿಂದ ಶುರುಮಾಡಿ ಹೆಜ್ಜೆಹೆಜ್ಜೆಗೆ ಅದನ್ನು ತಿಳಿಮಾಡುತ್ತ ಚಿತ್ರ ಹೊರಡಿಸುತ್ತದೆ. ಪ್ರತಿ ಹೆಜ್ಜೆಯಲ್ಲೂ ತಿಳಿದ ಭಾಗಕ್ಕೆ ಮೂಲ ಫೋಟೊವನ್ನೇ ಅಷ್ಟೇ ಗದ್ದಲ ಬೆರೆಸಿ ಕೂರಿಸುತ್ತಾರೆ. ಆದರೆ ಹಾಗೆ ಕೂರಿಸುವಾಗ ಪಕ್ಕದಲ್ಲಿ ಏನು ಹುಟ್ಟುತ್ತಿದೆ ಎಂಬುದರ ಲೆಕ್ಕ ಇರುವುದಿಲ್ಲ. ಪರಿಣಾಮ, ನಾಯಿಯ ಮುಖ ಬರಬೇಕಾದಲ್ಲಿ ನಾಯಿಯ ಕೂದಲು ಮಾತ್ರ ಬಂತು: ಮೇಲ್ಮೈ ಸರಿ, ಅರ್ಥ ತಪ್ಪು. ಅವರು ಕಂಡುಕೊಂಡ ಪರಿಹಾರ ಎಂದರೆ ಹಿಂದೆ ಹೋಗುವುದು. ಜೋಡಿಸಿದ ಚಿತ್ರಕ್ಕೆ ಮತ್ತೆ ಗದ್ದಲ ಬೆರೆಸಿ ಹತ್ತು ಹೆಜ್ಜೆ ಹಿಂದಕ್ಕೆ ತಂದು, ಮತ್ತೆ ತಿಳಿಮಾಡಿ, ಇದನ್ನೇ ಹತ್ತು ಸಲ ಮಾಡಿದಾಗ ಎರಡೂ ಭಾಗ ಹೊಂದಿಕೊಂಡವು. ಬೆಲೆ ಮಾತ್ರ ಭಾರಿ. 250 ಹೆಜ್ಜೆಯ ಕೆಲಸ ಸಾವಿರಗಟ್ಟಲೆ ಹೆಜ್ಜೆಗೆ ಏರಿತು.

ಇಷ್ಟಾದರೂ ಹೊಲಿಗೆ ಕಾಣುವುದು ಏಕೆ? 512 ಪಿಕ್ಸೆಲ್ ಅಗಲದ, ಕೆರೆ ದಂಡೆಯ ಫೋಟೊವೊಂದನ್ನು 768ಕ್ಕೆ ಹಿಗ್ಗಿಸುತ್ತೇವೆ ಎಂದುಕೊಳ್ಳೋಣ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿ ಪಿಕ್ಸೆಲ್ ಮೇಲೆ ನೇರ ಕೆಲಸ ಮಾಡುವುದಿಲ್ಲ. 8×8 ಪಿಕ್ಸೆಲ್‌ಗಳ ಪ್ರತಿ ಚೌಕವನ್ನು ಒಂದೊಂದು ಕೋಶಕ್ಕೆ ಕುಗ್ಗಿಸಿ, ಕೊನೆಗೆ ಬಿಡಿಸುತ್ತದೆ. ಕುಗ್ಗಿಸಿ ಬಿಡಿಸಿದಾಗ ಹಳೆಯ ಭಾಗವೂ ತುಸು ಬದಲಾಗಿರುತ್ತದೆ. ಬಿಡಿಸಿದ್ದನ್ನೇ ಪೂರ್ತಿ ಇಟ್ಟುಕೊಂಡರೆ ಗೆರೆ ಕಾಣದು, ಆದರೆ ದೂರದ ಮುಖಗಳು, ಫಲಕದ ಅಕ್ಷರಗಳು ಕದಡುತ್ತವೆ. ಮೂಲವನ್ನು ಮೇಲೆ ಅಂಟಿಸಿದರೆ ಮುಖ ಉಳಿಯುತ್ತದೆ, ಗೆರೆ ಏಳುತ್ತದೆ. ಹೊಳಪು ಮೂಲದಲ್ಲಿ 180, ಹೊಸದರಲ್ಲಿ 184 ಇದ್ದರೆ ಎಲೆಗಳ ನಡುವೆ ಯಾರಿಗೂ ಗೊತ್ತಾಗದು. ಬೋಳು ಆಕಾಶದಲ್ಲಿ ಆ ಗೆರೆ ಮೇಲಿಂದ ಕೆಳಗೆ ನೆಟ್ಟಗೆ ಇಳಿಯುವುದರಿಂದ ಕಣ್ಣಿಗೆ ಹೊಡೆಯುತ್ತದೆ.

ಮೂವತ್ತು–ನಲವತ್ತು ಪಿಕ್ಸೆಲ್ ಪಟ್ಟಿಯಲ್ಲಿ ಎರಡನ್ನೂ ನಿಧಾನವಾಗಿ ಬೆರೆಸಿದರೆ ಹೊಳಪಿನ ವ್ಯತ್ಯಾಸ ಕರಗುತ್ತದೆ. ಗ್ರೇನ್ ಕರಗದು. ಮಬ್ಬು ಬೆಳಕಿನಲ್ಲಿ ತೆಗೆದ ಫೋಟೊದ ಮರಳುಮರಳು ಗುಣವನ್ನು ಹೊಸ ಭಾಗ ನುಣುಪಾಗಿಸಿಬಿಡುತ್ತದೆ, ಬೆರೆಸಿದ ಪಟ್ಟಿಯಾಚೆ ಗ್ರೇನ್ ಥಟ್ಟನೆ ನಿಲ್ಲುತ್ತದೆ. ಹೊಸ ಭಾಗಕ್ಕೆ ಬೇರೆಯಾಗಿ ಗ್ರೇನ್ ಸೇರಿಸುವುದೇ ದಾರಿ. ಪರೀಕ್ಷಿಸಲು ಕಾಂಟ್ರಾಸ್ಟ್ ಏರಿಸಿ, 200 ಪ್ರತಿಶತಕ್ಕೆ ಹಿಗ್ಗಿಸಿ, ಮೊದಲು ಆಕಾಶವನ್ನೂ ಆಮೇಲೆ ನೀರಿನಂಚಿನ ಗೆರೆಯನ್ನೂ ನೋಡಿ. ಗೆರೆ ಗಡಿಯಲ್ಲಿ ಓರೆ ಬದಲಿಸಿದ್ದರೆ ಬೆರೆಸುವಿಕೆಯಿಂದ ಅದು ಸರಿಹೋಗದು. ಆ ಪಟ್ಟಿಯನ್ನು ಮತ್ತೆ ಬೆಳೆಸಬೇಕು. ಆಗ ಮೂಲದ ಅಂಚನ್ನೂ ಸ್ವಲ್ಪ ಒಳಗೆ ತೆಗೆದುಕೊಂಡು ಬೆಳೆಸಿದರೆ ಗೆರೆ ಎತ್ತ ಸಾಗುತ್ತಿತ್ತು ಎಂಬುದು ಮಾದರಿಗೆ ತಿಳಿಯುತ್ತದೆ. ಮನೆಯ ಹಳೆಯ ಫೋಟೊಗಳನ್ನು ಹೀಗೆ ಹಿಗ್ಗಿಸುವವರು ದಯವಿಟ್ಟು ಮೂಲ ಫೈಲನ್ನು ಬೇರೆಯಾಗಿ ಉಳಿಸಿಕೊಳ್ಳಿ, ಹೊಸದರ ಹೆಸರಿನಲ್ಲೇ ಅದು ಹಿಗ್ಗಿಸಿದ್ದೆಂದು ಬರೆದಿಡಿ.