ತೈಲಕ್ಕೆ ಜಾಗವಿಲ್ಲದ ದಿನ

2020ರ ಏಪ್ರಿಲ್ 20ರಂದು ನ್ಯೂಯಾರ್ಕಿನ ಫ್ಯೂಚರ್ಸ್ ಪೇಟೆಯಲ್ಲಿ ಮೇ ತಿಂಗಳ ಕಚ್ಚಾತೈಲದ ದರ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಇಳಿಯಿತು. ಅದೇ ದಿನ ಜೂನ್ ಒಪ್ಪಂದದ ದರ 20.43 ಡಾಲರ್. ಸರಕು ಒಂದೇ, ಕೈಸೇರುವ ತಿಂಗಳು ಮಾತ್ರ ಬೇರೆ.

ಫ್ಯೂಚರ್ಸ್ ದರವನ್ನು ಹಲವರು ಭವಿಷ್ಯವಾಣಿ ಎಂದುಕೊಳ್ಳುತ್ತಾರೆ. ಅದು ಬಹುಮಟ್ಟಿಗೆ ಖರ್ಚಿನ ಲೆಕ್ಕ. ಇಂದು 50 ಡಾಲರ್‌ಗೆ ಕೊಂಡ ತೈಲವನ್ನು ಮೂರು ತಿಂಗಳು ಇಟ್ಟುಕೊಳ್ಳಲು ಬಡ್ಡಿ, ಟ್ಯಾಂಕ್ ಬಾಡಿಗೆ, ವಿಮೆ ಸೇರಿ 2 ಡಾಲರ್ ತಗಲುತ್ತದೆನ್ನಿ. ಮುಂದಿನ ದರ 55 ಇದ್ದರೆ ವ್ಯಾಪಾರಿಗಳು ಇಂದೇ ಕೊಂಡು, ಮುಂದಕ್ಕೆ ಮಾರಿ, 3 ಡಾಲರ್ ಜೇಬಿಗಿಳಿಸುತ್ತಾರೆ. ಆ ವ್ಯವಹಾರವೇ ಅಂತರವನ್ನು 2ರ ಆಸುಪಾಸಿಗೆ ತರುತ್ತದೆ. ಹೀಗೆ ಮುಂದಿನ ದರ ಹೆಚ್ಚಿರುವುದೇ ಕಂಟ್ಯಾಂಗೊ.

ಆದರೆ ಇದಕ್ಕೆ ಖಾಲಿ ಟ್ಯಾಂಕ್ ಬೇಕಲ್ಲ! ಲಾಕ್‌ಡೌನಿನಲ್ಲಿ ಬೇಡಿಕೆ ಕುಸಿದು, ತೈಲ ಒಪ್ಪಿಸುವ ಸ್ಥಳವಾದ ಒಕ್ಲಹೋಮದ ಕುಶಿಂಗ್‌ನಲ್ಲಿ ಟ್ಯಾಂಕುಗಳು ತುಂಬುತ್ತಿದ್ದವು. ಉಳಿದ ಜಾಗ ಮೊದಲೇ ಬಾಡಿಗೆಗೆ ಹೋಗಿತ್ತು. ಮರುದಿನ ಅವಧಿ ಮುಗಿಯಲಿದ್ದ ಒಪ್ಪಂದ ಹಿಡಿದವರು ತಾವೇ ಹಣ ಕೊಟ್ಟು ಕಳಚಿಕೊಂಡರು.

ಅಭಾವ ಬಂದಾಗ ಎಲ್ಲ ತಿರುವುಮುರುವು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಿಫೈನರಿಗಳಿಗೆ ತಕ್ಷಣದ ತೈಲವೇ ಬೇಕಿತ್ತು. ಹತ್ತಿರದ ತಿಂಗಳ ದರ ದೂರದ್ದನ್ನು ಮೀರಿತು. ಇದು ಬ್ಯಾಕ್‌ವರ್ಡೇಶನ್. ಇಲ್ಲಿ ಅಂತರಕ್ಕೆ ಖರ್ಚಿನ ಮಿತಿಯಿಲ್ಲ: ಮುಂದಿನ ತಿಂಗಳ ಅಗ್ಗದ ತೈಲವನ್ನು ಇಂದಿಗೆ ಎಳೆದು ತರಲು ಯಾವ ವ್ಯಾಪಾರಿಗೂ ಸಾಧ್ಯವಿಲ್ಲ.