ಲಿಫ್ಟ್ ಒಳಗೆ ಎಲ್ಲರೂ ಬಾಗಿಲನ್ನೇ ಯಾಕೆ ನೋಡ್ತಾರೆ?

ಲಿಫ್ಟಿನ ಬಟನ್‌ಗಳ ಹತ್ತಿರ ಒಂದು ಸಣ್ಣ ಫಲಕ ಇರುತ್ತದೆ: 8 ಜನ, 544 ಕೆ.ಜಿ. ನಮ್ಮ ದೇಶದ ಲಿಫ್ಟುಗಳಲ್ಲಿ ತಲೆಗೆ 68 ಕೆ.ಜಿ. ಲೆಕ್ಕ. ಎಂಜಿನಿಯರಿಂಗ್ ಕೈಬಿಟ್ಟು ವರ್ಷಗಳಾದರೂ ಇಂಥ ಫಲಕ ಕಂಡರೆ ಮನಸ್ಸಲ್ಲೇ ಭಾಗಾಕಾರ ಮಾಡುವ ಚಟ ನನಗೆ ಹೋಗಿಲ್ಲ. ಎಂಟು ಜನರ ಲಿಫ್ಟಿನ ನೆಲ ಸಾಮಾನ್ಯವಾಗಿ 1.3 ಮೀಟರ್ ಅಗಲ, 1.1 ಮೀಟರ್ ಆಳ. ಎಂಟು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಸಿಗುವುದು ಸುಮಾರು 42 ಸೆಂಟಿಮೀಟರ್ ಉದ್ದಗಲದ ಒಂದು ಚೌಕ.

ಈ 42ರ ಪಕ್ಕ ಇನ್ನೊಂದು ಸಂಖ್ಯೆ ಇಡೋಣ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ, ಜನ ಪರಸ್ಪರ ಎಷ್ಟೆಷ್ಟು ದೂರದಲ್ಲಿ ನಿಲ್ಲುತ್ತಾರೆ ಅನ್ನುವುದರ ಬಗ್ಗೆಯೇ ಒಂದು ಪುಸ್ತಕ ಬರೆದ. ಅವನ ಪ್ರಕಾರ ಸುಮಾರು 45 ಸೆಂಟಿಮೀಟರಿನೊಳಗಿನ ಜಾಗ ತೀರಾ ಆಪ್ತರದ್ದು. ಅಲ್ಲಿಗೆ ಬರುವವರು ಸಂಗಾತಿ, ಮಕ್ಕಳು, ಇಲ್ಲವೇ ಹೊಡೆದಾಟಕ್ಕೆ ನಿಂತವರು. ಅವನು ಗಮನಿಸಿದ್ದು ಅಮೆರಿಕದ ಮಧ್ಯಮವರ್ಗವನ್ನು. ಬೆಳಗಿನ ಬಿಎಂಟಿಸಿ ಬಸ್ಸಿನಲ್ಲಿ ನೇತಾಡುವ ನಮ್ಮ ಅಳತೆ ಬೇರೆಯೇ ಇರಬಹುದು. ಆದರೆ ಬಸ್ಸಿಗೆ ಕಿಟಕಿ ಇದೆ, ಕಂಡಕ್ಟರ್ ಇದ್ದಾರೆ, ಟ್ರಾಫಿಕ್ ಬೈಯುತ್ತಾ ಮಾತು ಶುರು ಮಾಡುವಷ್ಟು ಸಮಯವೂ ಇದೆ. ಲಿಫ್ಟಿನಲ್ಲಿ ಇದ್ಯಾವುದೂ ಇಲ್ಲ. ಅರ್ಧ ನಿಮಿಷ, ನಾಲ್ಕು ಗೋಡೆ, ಅಷ್ಟೇ.

ದೂರ ನಮ್ಮ ಕೈಯಲ್ಲಿಲ್ಲದಾಗ ನಾವು ಬೇರೆ ಏನನ್ನೋ ಕಡಿಮೆ ಮಾಡುತ್ತೇವೆ. 1965ರಲ್ಲಿ ಮೈಕೇಲ್ ಆರ್ಗೈಲ್ ಮತ್ತು ಜಾನೆಟ್ ಡೀನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತೋರಿಸಿದರು. ಇಬ್ಬರನ್ನು ಹತ್ತಿರ ಹತ್ತಿರ ಕೂರಿಸಿದಷ್ಟೂ ಅವರು ಕಣ್ಣಿಗೆ ಕಣ್ಣಿಟ್ಟು ನೋಡುವುದು ಕಡಿಮೆಯಾಗುತ್ತದೆ. ಆಪ್ತತೆ ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಸಿ ಸರಿತೂಗಿಸುತ್ತೇವೆ. ಮಾತು ನಿಲ್ಲುವುದೂ ಹಾಗೆಯೇ. ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದವರು ಒಳಗೆ ಬಂದ ಕೂಡಲೇ ‘ಆಮೇಲೆ ಮಾಡ್ತೀನಿ’ ಅಂತಾರಲ್ಲ, ಅದು ಬರೀ ನೆಟ್‌ವರ್ಕ್ ಸಮಸ್ಯೆಯಲ್ಲ. ಉಳಿದ ಏಳು ಜನಕ್ಕೆ ಕೇಳಿಸಿಕೊಳ್ಳದೆ ಬೇರೆ ದಾರಿಯಿಲ್ಲ ಅಂತ ಅವರಿಗೂ ಗೊತ್ತು.

ಸರಿ, ಬಾಗಿಲೇ ಯಾಕೆ? ಇಬ್ಬರೇ ಇದ್ದಾಗ ಆ ಮೂಲೆಗೊಬ್ಬರು ಈ ಮೂಲೆಗೊಬ್ಬರು ನಿಂತರೆ ಸಾಕು, ಯಾವ ಕಡೆ ತಿರುಗಿದರೂ ನಡೆಯುತ್ತದೆ. ನಾಲ್ಕು ಮೂಲೆ ತುಂಬಿ ಐದನೆಯವರು ನಡುವೆ ಬಂದರೆ ಲೆಕ್ಕ ಕೆಡುತ್ತದೆ. ಆಗ ಯಾರ ಕಣ್ಣೂ ಸೇರದಿರಲು ಸುಲಭದ ಉಪಾಯ ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡುವುದು. ಎದುರಿಗೆ ಬರೀ ಬೆನ್ನುಗಳು. ಹೊರಹೋಗುವ ದಾರಿಯೂ, ಬದಲಾಗುವ ಮಹಡಿ ಸಂಖ್ಯೆಯೂ ಸಾಮಾನ್ಯವಾಗಿ ಬಾಗಿಲ ಕಡೆಗೇ ಇರುವುದರಿಂದ ಆ ಕಡೆ ನೋಡಲು ಯಾರಿಗೂ ನೆಪ ಹುಡುಕಬೇಕಿಲ್ಲ. ಹಿಂಗೋಡೆಯ ಕನ್ನಡಿ ಗಾಲಿಕುರ್ಚಿಯವರಿಗೆ ಹಿಮ್ಮುಖವಾಗಿ ಹೊರಬರಲು ನೆರವಾಗುತ್ತದೆ, ಆದರೆ ಈ ವ್ಯವಸ್ಥೆಯನ್ನು ಸ್ವಲ್ಪ ಕೆಡಿಸುತ್ತದೆ. ಅದರಲ್ಲಿ ಕಣ್ಣು ಸೇರಿಬಿಟ್ಟರೆ ಇಬ್ಬರೂ ತಮ್ಮ ತಲೆಗೂದಲು ಸರಿಮಾಡಿಕೊಳ್ಳುತ್ತಾರೆ.

ಆದರೆ ಬಾಗಿಲಿಗಿಂತ ಗುಂಪು ದೊಡ್ಡದು. 1962ರ ‘ಕ್ಯಾಂಡಿಡ್ ಕ್ಯಾಮೆರಾ’ ಎಂಬ ಅಮೆರಿಕನ್ ಟಿವಿ ಕಾರ್ಯಕ್ರಮದಲ್ಲಿ ನಟರು ಲಿಫ್ಟ್ ಹತ್ತಿ ಎಲ್ಲರೂ ಹಿಂಗೋಡೆಗೆ ಮುಖ ಮಾಡಿ ನಿಂತರು. ಏನೂ ಗೊತ್ತಿಲ್ಲದ ಒಬ್ಬ ಗಡಿಯಾರ ನೋಡಿಕೊಂಡ, ಮೂಗು ಕೆರೆದುಕೊಂಡ, ನಿಧಾನಕ್ಕೆ ತಾನೂ ತಿರುಗಿದ.

ಇದನ್ನೆಲ್ಲ ನಗರದ ಜನರ ಕಲ್ಲುಮನಸ್ಸು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲೇ ಇದನ್ನು ಸೌಜನ್ಯ ಅಂದಿದ್ದ. ಅದರಲ್ಲಿ ಎರಡು ಹೆಜ್ಜೆ ಇವೆ: ಮೊದಲು ಒಂದು ಚಿಕ್ಕ ನೋಟ, ನೀವು ಇದ್ದೀರಿ ಅಂತ ನನಗೆ ಗೊತ್ತು ಎನ್ನಲು; ಆಮೇಲೆ ಕಣ್ಣು ತೆಗೆಯುವುದು, ನಿಮ್ಮಿಂದ ನನಗೇನೂ ಬೇಕಿಲ್ಲ ಎನ್ನಲು. ಎರಡನೇ ಹೆಜ್ಜೆ ತಪ್ಪಿದರೆ ಅದು ದಿಟ್ಟಿಸುವುದು. ಎಲ್ಲರೂ ಬಾಗಿಲು ನೋಡುವಾಗ ಒಬ್ಬ ಮಾತ್ರ ಕಣ್ಣು ತೆಗೆಯದಿದ್ದರೆ ಹೆಂಗಸರಿಗೆ ಅದು ತಕ್ಷಣ ಗೊತ್ತಾಗುವುದು ಇದೇ ಕಾರಣಕ್ಕೆ.

ಮೊದಲನೇ ಹೆಜ್ಜೆ ತಪ್ಪುವುದು ಅಷ್ಟು ಬೇಗ ಕಣ್ಣಿಗೆ ಬೀಳಲ್ಲ. ಎದುರಿನವರನ್ನು ಮನುಷ್ಯರೆಂದೇ ಲೆಕ್ಕಿಸದೆ ಅವರನ್ನು ಹಾದು ನೋಡುವುದು ಬೇರೆಯೇ ಸಂಗತಿ ಅಂತ ಗಾಫ್‌ಮನ್ ಬಿಡಿಸಿ ಹೇಳಿದ್ದ. ಹೊರಗಿನಿಂದ ಎರಡೂ ಒಂದೇ ಮೌನ. ವ್ಯತ್ಯಾಸ ಕಾಣಬೇಕಾದರೆ ಬಾಗಿಲು ತೆರೆದ ಆ ಒಂದು ಕ್ಷಣ ಗಮನಿಸಿ. ಹೊಸಬರು ಒಳಗೆ ಕಾಲಿಟ್ಟಾಗ ನಿಂತವರು ನೋಡಿ, ಅರ್ಧ ಹೆಜ್ಜೆ ಸರಿದು, ಬ್ಯಾಗನ್ನು ಮುಂದಕ್ಕೆಳೆದುಕೊಳ್ಳುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸದವರು, ಊಟ ತಂದ ಡೆಲಿವರಿ ಹುಡುಗರು ಹತ್ತಿದಾಗ ಆ ನೋಟವೂ ಇಲ್ಲ, ಆ ಅರ್ಧ ಹೆಜ್ಜೆಯೂ ಇಲ್ಲದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇನ್ನು ಕೆಲವು ಕಡೆ ಆ ಪ್ರಶ್ನೆಯೇ ಬರಲ್ಲ. ಅವರು ಬೇರೆ ಲಿಫ್ಟ್ ಬಳಸಬೇಕು ಅಂತ ಬಾಗಿಲ ಪಕ್ಕದಲ್ಲೇ ಬೋರ್ಡ್ ಹಾಕಿರುತ್ತಾರೆ.